ಲಾಗ್‌ನಿಂದ ರೂಪಾಯಿಗೆ ಮರಳುವಾಗ

“ಸರ್, ದಿನಸಿ ಅಂಗಡಿಗಳ ದಿನದ ಮಾರಾಟದ ಬಗ್ಗೆ ಲೇಖನ ಕಳಿಸಿದ್ದೇನೆ. ಅಂಕಿಗಳು ಒಂದೇ ಕಡೆ ವಾಲಿದ್ದವು. ಲಾಗ್ ತೆಗೆದು ಸರಾಸರಿ ಕಂಡು ಮತ್ತೆ ರೂಪಾಯಿಗೆ ತಂದೆ. ಲಾಗ್ ಅಂಕಿಗಳ ರಿಗ್ರೆಶನ್‌ನಲ್ಲಿ ರಿಯಾಯಿತಿಯ ಗುಣಾಂಕ 0.7 ಬಂತು, ಅಂದರೆ ಮಾರಾಟ ಶೇ 70 ಜಾಸ್ತಿ. ಪ್ರಕಟಿಸಬಹುದೇ? ನೇರವಾಗಿ ಹೇಳಿ.”

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಮೊದಲ ಎರಡು ಪುಟ ಮುಟ್ಟಬೇಡಿ. ಹೆಚ್ಚಿನ ಅಂಗಡಿಗಳು ಕಡಿಮೆ ಮಾರುತ್ತವೆ, ಬೆರಳೆಣಿಕೆಯಷ್ಟು ಮಾತ್ರ ವಿಪರೀತ ಮಾರುತ್ತವೆ, ಅದಕ್ಕೇ ಚಿತ್ರಕ್ಕೆ ಬಲಗಡೆ ಉದ್ದ ಬಾಲ ಬರುತ್ತದೆ ಎಂದು ಸೊಗಸಾಗಿ ತೋರಿಸಿದ್ದೀರಿ. ತಪ್ಪು ಶುರುವಾಗುವುದು ಮೂರನೇ ಪುಟದಲ್ಲಿ, ಲಾಗ್‌ನಿಂದ ರೂಪಾಯಿಗೆ ವಾಪಸ್ ಬರುವಾಗ.

ನಿಮ್ಮ ದೊಡ್ಡ ಕೋಷ್ಟಕ ಸ್ವಲ್ಪ ಬದಿಗಿಡಿ. ಐದೇ ಅಂಗಡಿ ತಗೊಳ್ಳೋಣ. ದಿನದ ಮಾರಾಟ 5,000, 10,000, 20,000, 40,000, 80,000 ರೂಪಾಯಿ. ಒಟ್ಟು 1,55,000. ಐದರಿಂದ ಭಾಗಿಸಿದರೆ ಸರಾಸರಿ 31,000. ಈಗ ನಿಮ್ಮ ದಾರಿಯಲ್ಲಿ ಹೋಗಿ: ಐದಕ್ಕೂ ಲಾಗ್ ತೆಗೆದು, ಅವುಗಳ ಸರಾಸರಿ ಕಂಡು, ಲಾಗ್ ಅನ್ನು ಮತ್ತೆ ಮೂಲ ಸಂಖ್ಯೆಗೆ ತರುವ `exp` ಹಾಕಿ. ಬರುವುದು 20,000.

ಉಳಿದ 11,000 ಎಲ್ಲಿ ಹೋಯಿತು? ಲಾಗ್‌ಗಳನ್ನು ಕೂಡಿಸುವುದು ಅಂದರೆ ಮೂಲ ಸಂಖ್ಯೆಗಳನ್ನು ಗುಣಿಸುವುದು. ಹಾಗಾಗಿ ನಿಮಗೆ ಸಿಕ್ಕಿದ್ದು ಗುಣೋತ್ತರ ಸರಾಸರಿ. ನಾವು ದಿನವೂ ಹೇಳುವ ಸರಾಸರಿ ಅದಲ್ಲ. ಲಾಗ್ ತೆಗೆದ ಮೇಲೆ ಅಂಕಿಗಳು ಎರಡೂ ಕಡೆ ಸಮನಾಗಿ ಹರಡಿದ್ದರೆ ಅದು ನಡುವಿನ ಅಂಗಡಿಯನ್ನು ತೋರಿಸುತ್ತದೆ. ಇಲ್ಲೂ ಮೂರನೇ ಅಂಗಡಿಯದು 20,000ವೇ, ಅಲ್ವಾ? “ಸಾಮಾನ್ಯ ಅಂಗಡಿ ಎಷ್ಟು ಮಾರುತ್ತದೆ” ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಆದರೆ ನೀವು ಅದನ್ನು ಅಂಗಡಿಗಳ ಸಂಖ್ಯೆಯಿಂದ ಗುಣಿಸಿ ಒಟ್ಟು ಮಾರಾಟ ಎಂದಿದ್ದೀರಿ. ಐದು ಅಂಗಡಿಗೆ ಹಾಗೆ ಮಾಡಿದರೆ ಒಂದು ಲಕ್ಷ ಬರುತ್ತದೆ. 55,000 ಕಾಣೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಲೆಕ್ಕದ ಮೇಲೆ ಹಬ್ಬಕ್ಕೆ ಸರಕು ತರಿಸಿದ್ದೆವು. ದೊಡ್ಡ ಅಂಗಡಿಗಳಲ್ಲಿ ಹಬ್ಬಕ್ಕೆ ಮೊದಲೇ ಕಪಾಟು ಖಾಲಿಯಾಯಿತು.

ಒಟ್ಟು ಬೇಕಿದ್ದರೆ ತಿದ್ದುಪಡಿ ಬೇಕು. 1983ರಲ್ಲಿ ನೈಹುವಾ ಡುವಾನ್ ಕೊಟ್ಟ ‘ಸ್ಮಿಯರಿಂಗ್’ ವಿಧಾನ ನಿಮ್ಮ ಓದುಗರಿಗೂ ಅರ್ಥವಾಗುತ್ತದೆ. ಪ್ರತಿ ಅಂಗಡಿ 20,000ದ ಎಷ್ಟು ಪಟ್ಟು ಎಂದು ನೋಡಿ: 0.25, 0.5, 1, 2, 4. ಇವುಗಳ ಸರಾಸರಿ 1.55. ಅದರಿಂದ 20,000ವನ್ನು ಗುಣಿಸಿದರೆ 31,000 ವಾಪಸ್ ಬಂತು.

```python
import numpy as np
y = np.array([5000, 10000, 20000, 40000, 80000])
L = np.log(y)
g = np.exp(L.mean())
s = np.exp(L - L.mean()).mean()
print(g, s, g * s)
```

ಇಲ್ಲಿ ಸರಾಸರಿ ಒಂದೇ ಇರುವುದರಿಂದ ಲೆಕ್ಕ ಚೊಕ್ಕವಾಗಿ ಕೂಡಿತು. ನಿಮ್ಮ ರಿಗ್ರೆಶನ್‌ನಲ್ಲಿ ಪ್ರತಿ ಸಾಲಿನ ಉಳಿಕೆಗೆ, ಅಂದರೆ ನಿಜವಾದ ಲಾಗ್‌ಗೂ ಅಂದಾಜಿನ ಲಾಗ್‌ಗೂ ಇರುವ ವ್ಯತ್ಯಾಸಕ್ಕೆ, `exp` ಹಾಕಿ, ಅವುಗಳ ಸರಾಸರಿ ತಗೊಳ್ಳಬೇಕು. ಒಂದು ಎಚ್ಚರ: ರಿಯಾಯಿತಿ ದಿನಗಳಲ್ಲಿ ಅಂಕಿಗಳ ಹರಡಿಕೆ ಬೇರೆ ದಿನಗಳಿಗಿಂತ ಹೆಚ್ಚಿದ್ದರೆ ಎಲ್ಲಕ್ಕೂ ಒಂದೇ ಗುಣಕ ಹಾಕಬೇಡಿ. ಎರಡೂ ಗುಂಪಿನ ಉಳಿಕೆಗಳ ಚಿತ್ರ ಬಿಡಿಸಿ ನೋಡಿ. ಅಗಲದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದರೆ ಗುಂಪಿಗೊಂದು ಗುಣಕ ಕಂಡುಹಿಡಿಯಿರಿ.

ಇನ್ನು ಆ 0.7. ಗುಣಾಂಕ ಚಿಕ್ಕದಿದ್ದಾಗ, ಅಂದರೆ 0.05ರ ಹಾಗೆ, ಅದನ್ನು ಸುಮ್ನೆ ಶೇ 5 ಎಂದು ಓದಿದರೆ ಹೆಚ್ಚು ನಷ್ಟವಿಲ್ಲ. 0.7ಕ್ಕೆ ಅದು ನಡೆಯುವುದಿಲ್ಲ. `exp(0.7)` ಸುಮಾರು 2.01. ಅಂದರೆ ಮಾರಾಟ ಎರಡು ಪಟ್ಟಾಗಿದೆ, ಶೇ 101 ಹೆಚ್ಚಳ. ನಿಮ್ಮದೇ ಒಳ್ಳೆಯ ಸುದ್ದಿಯನ್ನು ನೀವೇ ಕುಗ್ಗಿಸಿ ಬರೆದಿದ್ದೀರಿ! ಗುಣಾಂಕ −0.7 ಆಗಿದ್ದರೆ ಮಾರಾಟ ಶೇ 70 ಅಲ್ಲ, ಸುಮಾರು ಶೇ 50 ಇಳಿದಂತೆ. ಈ ಎರಡು ಪಟ್ಟು ಕೂಡ ನಡುವಿನ ಅಂಗಡಿಯ ಮಾತು. ಎರಡೂ ಗುಂಪಿನ ಹರಡಿಕೆ ಒಂದೇ ಆಗಿದ್ದರೆ ಮಾತ್ರ ಸರಾಸರಿಗೂ ಅದು ಹೊಂದುತ್ತದೆ.

ಅಂದಾಜಿನ ವ್ಯಾಪ್ತಿಯನ್ನೂ ಹೀಗೇ ತನ್ನಿ. ಲಾಗ್‌ನಲ್ಲಿ ಅದು 0.5ರಿಂದ 0.9 ಇದೆಯಲ್ಲ, ಎರಡೂ ತುದಿಗೆ `exp` ಹಾಕಿದರೆ 1.65ರಿಂದ 2.46 ಪಟ್ಟು. 2.01ರಿಂದ ಎರಡು ತುದಿಗಳೂ ಒಂದೇ ದೂರದಲ್ಲಿಲ್ಲ. ಅದನ್ನು ಸಮ ಮಾಡಲು ಹೋಗಬೇಡಿ.

ಕೊನೆಗೆ, ಅಂಗಡಿ ಮುಚ್ಚಿದ ದಿನದ ಸೊನ್ನೆಗಳು. ಸೊನ್ನೆಗೆ ಲಾಗ್ ಇಲ್ಲವೆಂದು ಎಲ್ಲಕ್ಕೂ 1 ಸೇರಿಸಿದ್ದೀರಿ. ಮಾರಾಟವನ್ನು ರೂಪಾಯಿಯಲ್ಲಿ ಬರೆದರೆ ಸೊನ್ನೆಗೂ 20,000ಕ್ಕೂ ಲಾಗ್‌ನಲ್ಲಿ ಇರುವ ಅಂತರ ಆಗ 9.9. ಅದೇ ಮಾರಾಟವನ್ನು ಸಾವಿರ ರೂಪಾಯಿಗಳಲ್ಲಿ ಬರೆದು 1 ಸೇರಿಸಿದರೆ ಅಂತರ 3.04. ಅಳತೆಯ ಘಟಕ ಬದಲಿಸಿದರೆ ಉತ್ತರವೂ ಬದಲಾಗುತ್ತದೆ ಅಂದರೆ ಅದನ್ನು ನಂಬುವುದು ಹೇಗೆ? ಅಂಗಡಿ ತೆರೆದಿತ್ತೇ ಎಂಬುದನ್ನು ಒಂದು ಪ್ರಶ್ನೆ ಮಾಡಿ. ತೆರೆದ ದಿನ ಎಷ್ಟು ಮಾರಿತು ಎಂಬುದನ್ನು ಇನ್ನೊಂದು ಮಾಡಿ.

ಮೂರನೇ ಪುಟದಿಂದ ಮತ್ತೆ ಬರೆಯಿರಿ. ಪ್ರತಿ ರೂಪಾಯಿ ಅಂಕಿಯ ಪಕ್ಕ ಅದು ನಡುವಿನ ಅಂಗಡಿಯದೋ ಸರಾಸರಿಯೋ ಎಂದು ನಮೂದಿಸಿ ಕಳಿಸಿ. ನಾನೇ ಓದುತ್ತೇನೆ.