ಎರಡು ರಾತ್ರಿಗೆ ಮೂರು ದಿನದ ಬಾಡಿಗೆ ಯಾಕೆ?

"ಅಮ್ಮನನ್ನು ಶಿರಸಿಯ ನಿಮ್ಮ ಆಸ್ಪತ್ರೆಗೆ ಸೋಮವಾರ ರಾತ್ರಿ ಸೇರಿಸಿ, ಬುಧವಾರ ಸಂಜೆ ಮನೆಗೆ ಕರ್ಕೊಂಡು ಬಂದೆವು. ಮೂರು ದಿನದ ರೂಮ್ ಬಾಡಿಗೆ ಹಾಕಿದ್ದೀರಿ. ಇದು ಸರಿಯಾ?"

ನಮಸ್ಕಾರ. ಕೇಳಿದ್ದು ಒಳ್ಳೆಯದಾಯಿತು. ಬಿಲ್ ಮತ್ತು ಅಮ್ಮನ ಕೇಸ್ ಶೀಟ್ ಎರಡನ್ನೂ ಎದುರಿಗಿಟ್ಟುಕೊಂಡು ನೋಡಿದೆ.

ನಮ್ಮಲ್ಲಿ ದಿನದ ಲೆಕ್ಕ ಮಧ್ಯಾಹ್ನ 12ರಿಂದ ಮರುದಿನ 12ರವರೆಗೆ. ನೀವು ಹೊರಟಿದ್ದು ಬುಧವಾರ 4 ಗಂಟೆಗೆ, ಹಾಗಾಗಿ ಕಂಪ್ಯೂಟರ್ ಮೂರನೇ ದಿನ ಎಣಿಸಿದೆ. ಆದರೆ ಡಾಕ್ಟರ್ ಡಿಸ್ಚಾರ್ಜ್ ಬರೆದದ್ದು ಬೆಳಿಗ್ಗೆ 10ಕ್ಕೆ. ಆಮೇಲಿನ ಹೊತ್ತು ಹೋಗಿದ್ದು ನಮ್ಮ ಫೈಲ್ ಓಡಾಟಕ್ಕೆ, ನಿಮ್ಮ ತಪ್ಪಲ್ಲ ಅಲ್ವಾ? ಆ ದಿನದ 1,200 ರೂಪಾಯಿ ತೆಗೆಯಲು ಬರೆದಿದ್ದೇನೆ.

ಇನ್ನೊಂದು, ನೀವು ಕೇಳದೇ ಇದ್ದದ್ದು. ಇಂಜೆಕ್ಷನ್ ಆರು ಎಂದು ಬಿಲ್ಲಿನಲ್ಲಿದೆ. ನರ್ಸ್ ಚಾರ್ಟಿನಲ್ಲಿ ಕೊಟ್ಟಿದ್ದು ನಾಲ್ಕೇ. ಉಳಿದ ಎರಡರ 170 ರೂಪಾಯಿಯೂ ವಾಪಸ್. ಆದರೆ ರಕ್ತ ಪರೀಕ್ಷೆ ಎರಡು ಸಲ ಹಾಕಿದ್ದು ಸರಿ, ರಿಪೋರ್ಟ್ ಕೂಡ ಎರಡಿವೆ.

ಒಪ್ಪಿಗೆಯಿಲ್ಲದಿದ್ದರೆ ಬಿಲ್ ನಂಬರ್ ಹಾಕಿ ನಮ್ಮ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ, ಸ್ವೀಕೃತಿ ಸಹಿ ತಪ್ಪದೆ ತಗೊಳ್ಳಿ. ಅಲ್ಲೂ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ, ಖಾಸಗಿ ಆಸ್ಪತ್ರೆಗಳ ಕಾಯ್ದೆಯಾದ ಕೆಪಿಎಂಇ ಅಡಿಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು.