ಸಮೀಕರಣಕ್ಕೆ ಒಪ್ಪುವ ಉತ್ತರವೂ ತಪ್ಪಾಗಬಹುದೇ?

ಪ್ರಶ್ನೆ: ಸರ್, 0ಯಿಂದ 1ರವರೆಗಿನ ಒಂದು ಕರ್ವ್‌ಗೆ 11ನೇ ಡಿಗ್ರಿಯ ಪಾಲಿನಾಮಿಯಲ್ ಹೊಂದಿಸಲು ಹೊರಟೆ. 12 ಸಮೀಕರಣ ಬಂದವು. ಮ್ಯಾಟ್ರಿಕ್ಸ್ ನೋಡಿದರೆ ಅದು 1, 1/2, 1/3 ಇಂಥ ಭಿನ್ನರಾಶಿಗಳೇ ತುಂಬಿದ ಹಿಲ್ಬರ್ಟ್ ಮ್ಯಾಟ್ರಿಕ್ಸ್. ಪರೀಕ್ಷೆಗೆಂದು ಎಲ್ಲ ಉತ್ತರವೂ 1 ಬರುವ ಹಾಗೆ ಬಲಬದಿ ಮಾಡಿ `np.linalg.solve`ಗೆ ಕೊಟ್ಟೆ. ಕೆಲವು 0.9ಕ್ಕಿಂತ ಕಡಿಮೆ ಬಂದವು, ಕೆಲವು 1.1 ದಾಟಿದವು. ಆದರೆ ಆ ಉತ್ತರವನ್ನೇ ವಾಪಸ್ ಸಮೀಕರಣಕ್ಕೆ ಹಾಕಿದರೆ ಎರಡೂ ಬದಿ ಹತ್ತಿರಹತ್ತಿರ 15 ಅಂಕಿವರೆಗೆ ಸರಿಹೋಗುತ್ತದೆ. ತಪ್ಪು ನನ್ನ ಕೋಡ್‌ನಲ್ಲೋ, ಲೈಬ್ರರಿಯಲ್ಲೋ?

ಉತ್ತರ: ಎರಡರಲ್ಲೂ ಇಲ್ಲ. ಲೈಬ್ರರಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ತೊಂದರೆ ಇರುವುದು ನೀವು ಕೊಟ್ಟ ಮ್ಯಾಟ್ರಿಕ್ಸ್‌ನಲ್ಲಿ. ಅದನ್ನು ಅಳೆಯುವ ಸಂಖ್ಯೆಗೆ ಕಂಡೀಷನ್ ನಂಬರ್ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದವರು ಅಲನ್ ಟ್ಯೂರಿಂಗ್, 1948ರ ಒಂದು ಪ್ರಬಂಧದಲ್ಲಿ.

12 ಸಮೀಕರಣ ಬದಿಗಿಟ್ಟು, ಮೊದಲು ಎರಡನ್ನು ಕೈಯಲ್ಲೇ ಮಾಡೋಣ.

```
x +       y = 2
x + 1.0001y = 2.0001
```

ಇದರ ಉತ್ತರ x = 1, y = 1. ಈಗ ಯಾರೋ ಬಂದು x = 0, y = 2 ಎನ್ನುತ್ತಾರೆ ಅಂದುಕೊಳ್ಳಿ. ಹಾಕಿ ನೋಡಿ. ಮೊದಲ ಸಮೀಕರಣ ಪೂರ್ತಿ ಸರಿ. ಎರಡನೆಯದರಲ್ಲಿ 2.0001 ಬರಬೇಕಾದ ಕಡೆ 2.0002 ಬರುತ್ತದೆ. ವ್ಯತ್ಯಾಸ ಬರೀ 0.0001. ಇಷ್ಟು ಚಿಕ್ಕ ವ್ಯತ್ಯಾಸ ನೋಡಿದರೆ ಉತ್ತರ ಸರಿ ಎಂದೇ ಅನಿಸುತ್ತದೆ, ಅಲ್ವಾ? ಆದರೆ x ಪೂರ್ತಿ ಮಾಯವಾಗಿದೆ, y ಎರಡು ಪಟ್ಟಾಗಿದೆ.

ಈ ಎರಡು ಗೆರೆಗಳನ್ನು ಹಾಳೆಯ ಮೇಲೆ ಎಳೆಯಲು ಹೋದರೆ ಕಾರಣ ಗೊತ್ತಾಗುತ್ತದೆ. ಎರಡೂ ಒಂದರ ಮೇಲೊಂದು ಕೂತಂತೆ ಕಾಣುತ್ತವೆ. ಅವು ಎಲ್ಲಿ ಕೂಡುತ್ತವೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಕೂಡುವ ಜಾಗ ಎಲ್ಲಿಂದೆಲ್ಲಿಗೋ ಜಾರುತ್ತದೆ. ಗೆರೆಗಳು ಅಡ್ಡಡ್ಡ ಕತ್ತರಿಸಿದ್ದರೆ ಅಷ್ಟೇ ಸರಿತಕ್ಕೆ ಆ ಜಾಗವೂ ಅಷ್ಟೇ ಸರಿಯುತ್ತಿತ್ತು.

ಈ ಜಾರುವಿಕೆ ಗರಿಷ್ಠ ಎಷ್ಟು ಪಟ್ಟು ಆಗಬಹುದು ಎನ್ನುವುದೇ ಕಂಡೀಷನ್ ನಂಬರ್. ಮ್ಯಾಟ್ರಿಕ್ಸ್‌ನ ಗಾತ್ರವನ್ನು ಅದರ ಇನ್ವರ್ಸ್‌ನ ಗಾತ್ರದಿಂದ ಗುಣಿಸಿದರೆ ಅದು ಸಿಗುತ್ತದೆ. ಪ್ರತಿ ಸಾಲಿನ ಸಂಖ್ಯೆಗಳನ್ನು ಚಿಹ್ನೆ ಬಿಟ್ಟು ಕೂಡಿಸಿ, ಅದರಲ್ಲಿ ದೊಡ್ಡದನ್ನು ಗಾತ್ರ ಎಂದು ಹಿಡಿಯೋಣ. ನಮ್ಮ ಮ್ಯಾಟ್ರಿಕ್ಸ್‌ಗೆ ಅದು 2.0001, ಇನ್ವರ್ಸ್‌ಗೆ 20001. ಗುಣಿಸಿದರೆ ಸುಮಾರು 40,000. ಅದು ಉತ್ತರದ ತಪ್ಪಿಗೆ ಹೀಗೆ ಮಿತಿ ಹಾಕುತ್ತದೆ:

```
‖x̂ − x‖ / ‖x‖  ≤  κ(A) · ‖b − A x̂‖ / ‖b‖
```

ಎಡಗಡೆ ಇರುವುದು ಉತ್ತರದಲ್ಲಿರುವ ತಪ್ಪಿನ ಪಾಲು. ಬಲಗಡೆ ಇರುವುದು ವಾಪಸ್ ಹಾಕಿದಾಗ ಉಳಿಯುವ ವ್ಯತ್ಯಾಸದ ಪಾಲು, ಅದಕ್ಕೆ ಕಂಡೀಷನ್ ನಂಬರ್‌ನ ಗುಣಾಕಾರ. ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 0.00005 ಪಾಲು. 40,000ದಿಂದ ಗುಣಿಸಿದರೆ 2. ನಿಜವಾದ ತಪ್ಪು 1, ಅಂದರೆ ನೂರಕ್ಕೆ ನೂರು. ಮಿತಿಯ ಒಳಗೇ ಇದೆ, ಆದರೆ ಹತ್ತಿರದಲ್ಲೇ ಇದೆ.

ಈಗ ನಿಮ್ಮ ಮ್ಯಾಟ್ರಿಕ್ಸ್‌ಗೆ ಬರೋಣ. ಇದನ್ನು ಓಡಿಸಿ ನೋಡಿ.

```python
import numpy as np
from scipy.linalg import hilbert

for n in (5, 8, 10, 12):
    print(n, np.linalg.cond(hilbert(n)))
```

5ಕ್ಕೆ ಸುಮಾರು 4.8e+05 ಬರುತ್ತದೆ. 8ಕ್ಕೆ 1.5e+10, 10ಕ್ಕೆ 1.6e+13, ನಿಮ್ಮ 12ಕ್ಕೆ 1.7e+16ರ ಆಸುಪಾಸು. ಡಬಲ್ ಪ್ರಿಸಿಷನ್‌ನಲ್ಲಿ ನಮ್ಮ ಹತ್ತಿರ ಇರುವುದು ಸುಮಾರು 16 ಅಂಕಿ. ಕಂಡೀಷನ್ ನಂಬರ್‌ನಲ್ಲಿ ಹತ್ತರ ಘಾತ ಎಷ್ಟಿದೆಯೋ ಅಷ್ಟು ಅಂಕಿ ಕಳೆದುಹೋಗಬಹುದು ಎಂದು ಲೆಕ್ಕ ಹಾಕಿಕೊಳ್ಳಿ. 8ಕ್ಕೆ ನಂಬಬಹುದಾದ ಅಂಕಿ 6 ಉಳಿಯುತ್ತವೆ. 10ಕ್ಕೆ ಮೂರು. 12ಕ್ಕೆ ಒಂದೂ ಇಲ್ಲ. ನಿಮಗೆ 1ರ ಹತ್ತಿರದ ಸಂಖ್ಯೆಗಳು ಬಂದದ್ದೇ ದೊಡ್ಡದು.

ಇದು ಸಾಲ್ವರ್‌ನ ಸೋಮಾರಿತನ ಅಲ್ಲ ಎನ್ನಲು ಇನ್ನೊಂದು ಕಾರಣವಿದೆ. ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ 1/3 ಇದೆ. ಕಂಪ್ಯೂಟರ್ ಅದನ್ನು ಪೂರ್ತಿಯಾಗಿ ಇಟ್ಟುಕೊಳ್ಳಲಾರದು. 16ನೇ ಅಂಕಿಯ ಹತ್ತಿರ ಕತ್ತರಿಸಿ ಇಟ್ಟುಕೊಳ್ಳುತ್ತದೆ. 1/7, 1/11 ಎಲ್ಲವೂ ಹಾಗೆಯೇ. ಅಂದರೆ ಲೆಕ್ಕ ಶುರುವಾಗುವ ಮೊದಲೇ ನೀವು ಕೊಟ್ಟದ್ದು ಹಿಲ್ಬರ್ಟ್ ಮ್ಯಾಟ್ರಿಕ್ಸ್ ಅಲ್ಲ, ಅದರ ಪಕ್ಕದ ಇನ್ಯಾವುದೋ ಮ್ಯಾಟ್ರಿಕ್ಸ್. ಒಂದೂ ತಪ್ಪು ಮಾಡದ ಸಾಲ್ವರ್ ಇದ್ದರೂ ಅದು ಬಿಡಿಸುವುದು ಆ ಪಕ್ಕದ ಮ್ಯಾಟ್ರಿಕ್ಸ್‌ನ ಲೆಕ್ಕವನ್ನೇ.

ವಿದ್ಯಾರ್ಥಿಗಳು ಇಲ್ಲಿ ಡಿಟರ್ಮಿನೆಂಟ್ ನೋಡುವುದನ್ನು ತುಂಬ ಸಲ ಕಂಡಿದ್ದೇನೆ. ದಯವಿಟ್ಟು ಅದನ್ನು ನಂಬಬೇಡಿ. ಕರ್ಣದಲ್ಲಿ ಹತ್ತು ಸಲ 0.1, ಉಳಿದೆಡೆ ಸೊನ್ನೆ ಇರುವ ಮ್ಯಾಟ್ರಿಕ್ಸ್ ತಗೊಳ್ಳಿ. ಡಿಟರ್ಮಿನೆಂಟ್ 10⁻¹⁰, ಆದರೆ ಕಂಡೀಷನ್ ನಂಬರ್ 1. ಅದಕ್ಕಿಂತ ಒಳ್ಳೆಯ ಮ್ಯಾಟ್ರಿಕ್ಸ್ ಇರುವುದೇ ಇಲ್ಲ. `np.linalg.solve` ಇಂಥ ಕಡೆ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಸುಮ್ನೆ ಉತ್ತರ ಕೊಡುತ್ತದೆ. `scipy.linalg.solve` ಆದರೆ ನಿಮ್ಮಂಥ ಮ್ಯಾಟ್ರಿಕ್ಸ್‌ಗೆ `LinAlgWarning` ತೋರಿಸುತ್ತದೆ. ನಾನು ಅದನ್ನೇ ಬಳಸಲು ಹೇಳುತ್ತೇನೆ.

ಇನ್ನು ಪರಿಹಾರ. ಜಾಸ್ತಿ ಅಂಕಿಗಳ ಲೆಕ್ಕಕ್ಕೆ ಹೋಗಬಹುದು. ಆದರೆ ನಿಮ್ಮ ಕರ್ವ್ ಅಳತೆಯಿಂದ ಬಂದದ್ದಾಗಿದ್ದು ಅಳತೆಯೇ ಮೂರು ಅಂಕಿವರೆಗೆ ಮಾತ್ರ ಸರಿಯಿದ್ದರೆ, ನೂರು ಅಂಕಿ ಇಟ್ಟುಕೊಂಡರೂ ಪ್ರಯೋಜನವಿಲ್ಲ. ಬಲಬದಿಯಲ್ಲಿರುವ ಆ ಅಳತೆಯ ತಪ್ಪೇ ಅಷ್ಟು ಪಟ್ಟು ಬೆಳೆಯಬಹುದು.

ಈ ಮ್ಯಾಟ್ರಿಕ್ಸ್ ಎಲ್ಲಿಂದ ಬಂತು ನೋಡಿ. ನೀವು ಪಾಲಿನಾಮಿಯಲ್ ಅನ್ನು 1, x, x², … x¹¹ ಎಂಬ ತುಂಡುಗಳಿಂದ ಕಟ್ಟಿದಿರಿ. 0 ಮತ್ತು 1ರ ನಡುವೆ x¹⁰, x¹¹ ಎರಡನ್ನೂ ಬರೆದು ನೋಡಿ. ಎರಡೂ ಬಹುಪಾಲು ನೆಲಕ್ಕಂಟಿಕೊಂಡು ಹೋಗಿ ಕೊನೆಯಲ್ಲಿ ಏಳುತ್ತವೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದೇ ಕಷ್ಟ. ನಮ್ಮ ಎರಡು ಗೆರೆಗಳ ಕತೆಯೇ ಇದು.

ಅದರ ಬದಲು ಲೆಜಾಂಡ್ರ್ ಪಾಲಿನಾಮಿಯಲ್‌ಗಳನ್ನು 0–1ಕ್ಕೆ ಸರಿಸಿ ಬಳಸಿ. ಅವು ಒಂದಕ್ಕೊಂದು ಲಂಬ. ಹಾಗಾಗಿ ಮ್ಯಾಟ್ರಿಕ್ಸ್‌ನಲ್ಲಿ ಕರ್ಣ ಮಾತ್ರ ಉಳಿಯುತ್ತದೆ: 1, 1/3, 1/5, ಹೀಗೆ 1/23ರವರೆಗೆ. ಕಂಡೀಷನ್ ನಂಬರ್ 23. ಕರ್ವ್ ಅದೇ, ಡಿಗ್ರಿ ಅದೇ, ಆದರೆ 16 ಅಂಕಿಯಲ್ಲಿ ಒಂದೋ ಎರಡೋ ಮಾತ್ರ ಹೋಗುತ್ತವೆ. ಬಲಬದಿಯನ್ನೂ ಲೆಜಾಂಡ್ರ್ ಜೊತೆಗೆ ನೇರವಾಗಿ ಇಂಟಿಗ್ರೇಟ್ ಮಾಡಿ ತೆಗೆಯಿರಿ. ಹಳೆಯ ಬಲಬದಿಯಿಂದ ಪರಿವರ್ತಿಸಿದರೆ ಉಳಿಸಬೇಕೆಂದ ಅಂಕಿಗಳು ಅಲ್ಲೇ ಕಳೆದುಹೋಗುತ್ತವೆ.

ಒಂದು ವಿಷಯ ನೀವು ನಿರ್ಧರಿಸಬೇಕು. ನಿಮಗೆ ಬೇಕಿರುವುದು ಕರ್ವ್ ಮಾತ್ರವೇ, ಅಥವಾ x⁷ರ ಸಹಗುಣಕ ಇಷ್ಟೇ ಎಂದು ಹೇಳಬೇಕೇ? ಕರ್ವ್ ಮಾತ್ರವಾದರೆ ನಿಮ್ಮ ಹಳೆಯ ಉತ್ತರವೂ ಕೆಟ್ಟದ್ದಲ್ಲ. ಸಹಗುಣಕಗಳ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಅದನ್ನು ಬರೆದರೆ ನಿಜವಾದ ಕರ್ವ್‌ಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ನಿಮಗೆ 15 ಅಂಕಿ ಹೊಂದಿದ್ದೂ ಇದೇ ಕಾರಣಕ್ಕೆ. ಸಹಗುಣಕಕ್ಕೇ ಅರ್ಥವಿದ್ದರೆ ಲೆಜಾಂಡ್ರ್ ಸಹಗುಣಕಗಳನ್ನೇ ಇಟ್ಟುಕೊಳ್ಳಿ, ವಾಪಸ್ x ಘಾತಗಳಿಗೆ ಬಿಡಿಸಬೇಡಿ. ಬಿಡಿಸುವಾಗ ಎದುರುಬದುರು ಚಿಹ್ನೆಯ ದೊಡ್ಡ ದೊಡ್ಡ ಸಂಖ್ಯೆಗಳು ಕೂಡಿಕೊಳ್ಳುತ್ತವೆ, ಉಳಿಸಿಕೊಂಡ ಅಂಕಿಗಳು ಅಲ್ಲಿ ಮತ್ತೆ ಹೋಗುತ್ತವೆ.