ಮರಳು ಮಣ್ಣಿನಲ್ಲಿ ಡ್ರಿಪ್ ನೀರು ಎಲ್ಲಿ ಹೋಗುತ್ತೆ?

"ಮರಳು ಮಣ್ಣು, ಟೊಮ್ಯಾಟೊ. ದಿನ ಬಿಟ್ಟು ದಿನ 2 ಗಂಟೆ ಡ್ರಿಪ್ ಬಿಡ್ತೀನಿ, ಆದ್ರೂ ಗಿಡ ಬಾಡುತ್ತೆ. ಈ ಮಣ್ಣಿಗೆ ಡ್ರಿಪ್ ಆಗಲ್ವಾ?"

ನೀರು ಬೇರು ದಾಟಿ ಕೆಳಗೆ ಹೋಗುತ್ತಿರಬೇಕು. ಡ್ರಿಪ್ ಅಂದರೆ ಬುಡಕ್ಕಷ್ಟೇ ನಿಧಾನವಾಗಿ ಹನಿಸುವುದು. ಮರಳಿನಲ್ಲಿ ಆ ಹನಿ ಪಕ್ಕಕ್ಕೆ ಹರಡದೆ ನೇರ ಇಳಿಯುತ್ತದೆ. ಜೇಡಿಮಣ್ಣಿನಲ್ಲಾದರೆ ಅಗಲಕ್ಕೆ ಹರಡುತ್ತದೆ.

ನೀರು ನಿಲ್ಲಿಸಿದ ಮೇಲೆ ಡ್ರಿಪ್ಪರ್ ಪಕ್ಕ ಒಂದೂವರೆ ಅಡಿ ಅಗೆದು ನೋಡಿ. ಒದ್ದೆ ಕಿರಿದಾಗಿ ಆಳಕ್ಕೆ ಇಳಿದಿದ್ದರೆ ಇದೇ ಕಾರಣ. ಅಷ್ಟೇ ನೀರನ್ನು ಪ್ರತಿದಿನ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಬಿಡಿ. ಮುಂದಿನ ಬೆಳೆಗೆ 30 ಸೆಂ.ಮೀ. ಅಂತರದ ಡ್ರಿಪ್ಪರ್ ಇರಲಿ. ಒದ್ದೆಯೇ ಕಾಣದಿದ್ದರೆ ಡ್ರಿಪ್ಪರ್ ಕಟ್ಟಿಕೊಂಡಿರಬಹುದು: ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ನೀರು ಹರಿಸಿ.

ಡ್ರಿಪ್ ಮಾತ್ರ ಕೀಳಬೇಡಿ. ಕಾಲುವೆ ನೀರು ಮರಳಿನಲ್ಲಿ ಸಾಲಿನ ಕೊನೆ ಮುಟ್ಟುವುದೇ ಕಷ್ಟ. ಟೊಮ್ಯಾಟೊ, ಕಲ್ಲಂಗಡಿ, ಬಾಳೆಯಂಥ ಸಾಲುಬೆಳೆಗೆ ಮರಳಿನಲ್ಲೇ ಡ್ರಿಪ್ ಲಾಭ ಜಾಸ್ತಿ.